ಬರಿ ಸ್ಟೀಮ್ ಪೈಪ್ ಕೋಣೆಗೆ ಎಷ್ಟು ಶಾಖ ಚೆಲ್ಲುತ್ತದೆ? ಸಂವಹನ, ವಿಕಿರಣ ಎರಡನ್ನೂ ಕೂಡಿಸುವ ಲೆಕ್ಕ

ಗದಗ-ಬೆಟಗೇರಿಯ ನೂಲಿಗೆ ಬಣ್ಣ ಹಾಕುವ ಶೆಡ್ಡಿರಲಿ, ಧಾರವಾಡದ ಹಾಸ್ಟೆಲ್ ಅಡುಗೆಮನೆಯಿರಲಿ, ಹುಬ್ಬಳ್ಳಿಯ ಕೈಗಾರಿಕಾ ವಸಾಹತಿನ ಸಣ್ಣ ಕಾರ್ಖಾನೆಯಿರಲಿ, ಬಾಯ್ಲರಿನಿಂದ ಹೊರಟ ಸ್ಟೀಮ್ ಪೈಪಿನ ಒಂದಷ್ಟು ಉದ್ದವಾದರೂ ಏನೂ ಸುತ್ತದೆ ಬರಿಮೈಯಲ್ಲಿ ಇರುತ್ತದೆ. ಏಪ್ರಿಲ್ ಬಂದು ಒಳಗೆ ನಿಲ್ಲುವುದು ಕಷ್ಟವಾದಾಗ, ಇಲ್ಲವೇ ಕಟ್ಟಿಗೆಯ ಬಿಲ್ಲು ಏರಿದಾಗ, ಎಲ್ಲರ ಕಣ್ಣೂ ಆ ಪೈಪಿನ ಮೇಲೆ ಬೀಳುತ್ತದೆ. ಒಬ್ಬರು ಅದಕ್ಕೆ ಬಿಳಿ ಬಣ್ಣ ಹೊಡೆದರೆ ಸಾಕು ಅನ್ನುತ್ತಾರೆ. ಇನ್ನೊಬ್ಬರು ಕಲ್ಲುನಾರಿನ ಹೊದಿಕೆಯಾದ ರಾಕ್‌ವೂಲ್ ಸುತ್ತಿಸಿ ಅನ್ನುತ್ತಾರೆ. ಇವರಲ್ಲಿ ಯಾರ ಮಾತು ಸರಿ ಎಂದು ತಿಳಿಯಬೇಕಾದರೆ ಮೊದಲು ಆ ಪೈಪ್ ಈಗ ಎಷ್ಟು ಶಾಖ ಕಳೆಯುತ್ತಿದೆ, ಯಾವ ದಾರಿಯಲ್ಲಿ ಕಳೆಯುತ್ತಿದೆ ಎಂಬ ಲೆಕ್ಕ ಬೇಕು. ಕ್ಯಾಲ್ಕುಲೇಟರ್ ಇದ್ದರೆ ಹತ್ತು ನಿಮಿಷದ ಕೆಲಸ.

## ಶಾಖ ಹೋಗುವ ಎರಡು ದಾರಿ

ಬಿಸಿ ಪೈಪಿಗೆ ತಾಗಿದ ಗಾಳಿ ಕಾಯುತ್ತದೆ, ಹಗುರಾಗಿ ಮೇಲೇಳುತ್ತದೆ, ಅದರ ಜಾಗಕ್ಕೆ ಕೆಳಗಿನಿಂದ ತಣ್ಣನೆಯ ಗಾಳಿ ಬರುತ್ತದೆ. ಫ್ಯಾನ್ ಇಲ್ಲದಿದ್ದರೂ ಈ ಓಟ ನಿಲ್ಲುವುದಿಲ್ಲ. ಗಾಳಿ ಹೀಗೆ ಶಾಖವನ್ನು ಹೊತ್ತೊಯ್ಯುವುದಕ್ಕೆ ಸಂವಹನ ಎನ್ನುತ್ತಾರೆ. ಹೊರಗಿನ ಬಲವಿಲ್ಲದೆ ತಾನಾಗಿ ನಡೆದರೆ ಅದು ಸಹಜ ಸಂವಹನ. ಪೈಪಿನ ಮೇಲೆ ಒಂದು ಗೇಣು ಎತ್ತರದಲ್ಲಿ ಕೈ ಹಿಡಿದರೆ ತಟ್ಟುವ ಬಿಸಿಗಾಳಿ ಇದೇ.

ಈಗ ಕೈಯನ್ನು ಪೈಪಿನ ಕೆಳಗೆ ಅಷ್ಟೇ ದೂರದಲ್ಲಿ ಹಿಡಿಯಿರಿ. ಅಲ್ಲಿ ಬಿಸಿಗಾಳಿ ಇಲ್ಲ, ತಣ್ಣನೆಯ ಗಾಳಿಯೇ ಮೇಲಕ್ಕೆ ಹೋಗುತ್ತಿರುತ್ತದೆ. ಆದರೂ ಅಂಗೈಗೆ ಕಾವು ಬಡಿಯುತ್ತದೆ. ಇದು ವಿಕಿರಣ. ಪೈಪಿನ ಮೈ ಕಣ್ಣಿಗೆ ಕಾಣದ ಅವಗೆಂಪು ಅಲೆಗಳನ್ನು ಸುತ್ತಲೂ ಬೀರುತ್ತದೆ, ಅವು ಗಾಳಿಯನ್ನು ದಾಟಿ ನೇರವಾಗಿ ಗೋಡೆ, ನೆಲ, ಛಾವಣಿ, ಎದುರಿಗಿದ್ದವರ ಮೈಗೆ ಬಂದು ತಾಗುತ್ತವೆ. ನಡುವೆ ಗಾಳಿ ಇದ್ದರೂ ಇಲ್ಲದಿದ್ದರೂ ಅದಕ್ಕೆ ಒಂದೇ.

ಪೈಪ್ ನೇತಾಡುವ ಕ್ಲ್ಯಾಂಪುಗಳ ಮೂಲಕ ಸ್ವಲ್ಪ ಶಾಖ ವಹನದಿಂದಲೂ ಹೋಗುತ್ತದೆ. ಅದು ಚಿಲ್ಲರೆ, ಇಲ್ಲಿ ಬಿಟ್ಟುಬಿಡೋಣ.

ಈ ಎರಡು ದಾರಿಗಳು ಒಂದರ ಹಿಂದೆ ಒಂದಿಲ್ಲ, ಅಕ್ಕಪಕ್ಕ ಇವೆ. ಒಂದೇ ತೊಟ್ಟಿಗೆ ಎರಡು ನಲ್ಲಿ ಹಚ್ಚಿ ಎರಡನ್ನೂ ಬಿಟ್ಟ ಹಾಗೆ. ಎರಡರಲ್ಲಿ ಹೋದದ್ದನ್ನು ಕೂಡಿಸಿದರೆ ಒಟ್ಟು ನಷ್ಟ ಸಿಗುತ್ತದೆ. ತೊಡಕು ಏನೆಂದರೆ ಎರಡೂ ನಲ್ಲಿಗಳ ಲೆಕ್ಕದ ರೀತಿ ಬೇರೆ ಬೇರೆ.

## ಲೆಕ್ಕ ಎಲ್ಲಿ ತೊಡಕಾಗುತ್ತದೆ

ಸಂವಹನದ ಲೆಕ್ಕ ಸರಳ. ಪೈಪಿನ ಮೈಗೂ ಗಾಳಿಗೂ ಎಷ್ಟು ಡಿಗ್ರಿ ವ್ಯತ್ಯಾಸವಿದೆಯೋ ಅದನ್ನು ಒಂದು ಗುಣಾಂಕದಿಂದ ಗುಣಿಸಿದರಾಯಿತು. ಒಂದು ಚದರ ಮೀಟರ್ ಮೈಯಿಂದ, ಒಂದು ಡಿಗ್ರಿ ವ್ಯತ್ಯಾಸಕ್ಕೆ, ಎಷ್ಟು ವ್ಯಾಟ್ ಹೋಗುತ್ತದೆ ಎಂಬುದನ್ನು ಆ ಗುಣಾಂಕ ಹೇಳುತ್ತದೆ. ಅದನ್ನು `h_c` ಎಂದು ಬರೆಯುತ್ತಾರೆ.

ವಿಕಿರಣ ಹಾಗಲ್ಲ. ಸ್ಟೀಫನ್-ಬೋಲ್ಟ್ಸ್‌ಮನ್ ನಿಯಮದ ಪ್ರಕಾರ ಒಂದು ಮೈ ಬೀರುವ ಶಾಖ ಅದರ ತಾಪಮಾನದ ನಾಲ್ಕನೆಯ ಘಾತಕ್ಕೆ ತಕ್ಕಂತೆ ಇರುತ್ತದೆ. ತಾಪಮಾನವನ್ನು ಕೆಲ್ವಿನ್‌ನಲ್ಲಿ, ಅಂದರೆ ಸೆಲ್ಸಿಯಸ್ಸಿಗೆ 273 ಕೂಡಿಸಿ ಇಡಬೇಕು. ಪೈಪ್ ಗೋಡೆಗಳಿಗೆ ಕೊಡುತ್ತದೆ, ಗೋಡೆಗಳೂ ಪೈಪಿಗೆ ವಾಪಸು ಕೊಡುತ್ತವೆ. ನಮಗೆ ಬೇಕಾದ್ದು ಅವೆರಡರ ವ್ಯತ್ಯಾಸ:

```
q = ε σ (Ts⁴ − Tw⁴)
```

ಇಲ್ಲಿ `q` ಒಂದು ಚದರ ಮೀಟರ್ ಮೈಯಿಂದ ಹೋಗುವ ಶಾಖ, `Ts` ಪೈಪಿನ ಮೈಯ ತಾಪಮಾನ, `Tw` ಸುತ್ತಲಿನ ಗೋಡೆಗಳದ್ದು. `σ` ಎಂಬುದು 5.67 × 10⁻⁸ ಎಂಬ ಸ್ಥಿರಾಂಕ. `ε` ಎಂದರೆ ಉತ್ಸರ್ಜಕತೆ: ಅದೇ ತಾಪಮಾನದ ಪೂರ್ಣ ಕಪ್ಪು ಮೈ ಬೀರುವುದರಲ್ಲಿ ಈ ಮೈ ಎಷ್ಟು ಪಾಲು ಬೀರುತ್ತದೆ ಎಂಬ ಅಂಕಿ. ಹಳೆಯ, ಕಂದು ಹಿಡಿದ ಉಕ್ಕಿನ ಪೈಪಿಗೆ ಅದು 0.8ರ ಆಸುಪಾಸು.

ಗೋಡೆಯ ಉತ್ಸರ್ಜಕತೆ ಈ ಸೂತ್ರದಲ್ಲಿ ಎಲ್ಲೂ ಇಲ್ಲ ಎಂಬುದನ್ನು ಗಮನಿಸಿ. ಪೈಪಿನ ಮೈಗೆ ಹೋಲಿಸಿದರೆ ಕೋಣೆಯ ಒಳಮೈ ಬಹಳ ದೊಡ್ಡದು. ಗೋಡೆ ಹೀರದೆ ತಿರುಗಿ ಕಳಿಸಿದ್ದು ಮತ್ತೊಂದು ಗೋಡೆಗೋ ನೆಲಕ್ಕೋ ಹೋಗಿ ಅಲ್ಲೇ ಕರಗುತ್ತದೆ, ಪೈಪಿಗೆ ಮರಳಿ ಬಂದು ಬೀಳುವುದು ಅಪರೂಪ. ಹಾಗಾಗಿ ಗೋಡೆಗೆ ಸುಣ್ಣ ಬಳಿದಿದ್ದರೂ ಮಸಿ ಹಿಡಿದಿದ್ದರೂ ಲೆಕ್ಕ ಬದಲಾಗುವುದಿಲ್ಲ.

ಈಗ ಒಂದು ಕಡೆ ಡಿಗ್ರಿಯ ವ್ಯತ್ಯಾಸ, ಇನ್ನೊಂದು ಕಡೆ ನಾಲ್ಕನೆಯ ಘಾತಗಳ ವ್ಯತ್ಯಾಸ. ಎರಡನ್ನೂ ಒಂದೇ ಸಾಲಿಗೆ ತರುವುದು ಹೇಗೆ?

## ವಿಕಿರಣಕ್ಕೂ ಒಂದು ಗುಣಾಂಕ

ಹೈಸ್ಕೂಲಿನ ಬೀಜಗಣಿತವೇ ಇಲ್ಲಿ ಕೈ ಹಿಡಿಯುತ್ತದೆ. ಎರಡು ವರ್ಗಗಳ ವ್ಯತ್ಯಾಸವನ್ನು ಬಿಡಿಸುವ ಸೂತ್ರವನ್ನು ಎರಡು ಸಲ ಹಚ್ಚಿದರೆ ನಾಲ್ಕನೆಯ ಘಾತಗಳ ವ್ಯತ್ಯಾಸ ಹೀಗೆ ಒಡೆಯುತ್ತದೆ:

```
Ts⁴ − Tw⁴ = (Ts² + Tw²)(Ts + Tw)(Ts − Tw)
```

ಕೊನೆಯ ಆವರಣದಲ್ಲಿ ನಮಗೆ ಬೇಕಾದ ಡಿಗ್ರಿ ವ್ಯತ್ಯಾಸ ಬಂದು ಕೂತಿದೆ. ಉಳಿದದ್ದನ್ನೆಲ್ಲ ಒಟ್ಟುಮಾಡಿ ಅದಕ್ಕೆ ವಿಕಿರಣ ಉಷ್ಣ ವರ್ಗಾವಣೆ ಗುಣಾಂಕ ಎಂದು ಹೆಸರಿಟ್ಟು `h_r` ಎಂದು ಬರೆದರೆ:

```
h_r = ε σ (Ts + Tw)(Ts² + Tw²)
q   = h_r (Ts − Tw)
```

ಇಲ್ಲಿ ಏನನ್ನೂ ಅಂದಾಜು ಮಾಡಿಲ್ಲ, ಏನನ್ನೂ ಬಿಟ್ಟಿಲ್ಲ. ಅದೇ ನಿಯಮವನ್ನು ಬೇರೆ ರೀತಿಯಲ್ಲಿ ಬರೆದಿದ್ದೇವೆ ಅಷ್ಟೆ. ಗಾಳಿಯ ತಾಪಮಾನ `Ta`, ಗೋಡೆಯ ತಾಪಮಾನ `Tw` ಎರಡೂ ಒಂದೇ ಎಂದಾದರೆ ಎರಡು ಗುಣಾಂಕಗಳನ್ನು ನೇರವಾಗಿ ಕೂಡಿಸಬಹುದು:

```
Q = (h_c + h_r) × A × (Ts − Ta)
```

ಇಲ್ಲಿ `A` ಪೈಪಿನ ಹೊರಮೈಯ ವಿಸ್ತಾರ, `Q` ಒಟ್ಟು ನಷ್ಟ. ಆದರೆ `h_r` ಸ್ಥಿರವಾದ ಅಂಕಿ ಅಲ್ಲ. ಅದರೊಳಗೇ ತಾಪಮಾನ ಅಡಗಿದೆ. ಒಂದು ಪೈಪಿಗೆ ಹಾಕಿದ ಲೆಕ್ಕದ `h_r` ತಂದು ಬೇರೆ ಒತ್ತಡದ ಪೈಪಿಗೆ ಅಂಟಿಸಿದರೆ ಉತ್ತರ ತಪ್ಪುತ್ತದೆ.

## ಒಂದು ಶೆಡ್ಡಿನ ಲೆಕ್ಕ

ಬೆಟಗೇರಿಯ ಕಡೆ ಒಂದು ಬಣ್ಣದ ಶೆಡ್ ಇದೆ ಎಂದಿಟ್ಟುಕೊಳ್ಳಿ. ಬಾಯ್ಲರ್ ಕೋಣೆಯಿಂದ ಬಣ್ಣದ ತೊಟ್ಟಿಗಳ ತನಕ 25 ಮೀಟರ್ ಉದ್ದದ ಎರಡಿಂಚಿನ ಪೈಪ್, ಅಡ್ಡಲಾಗಿ, ಬರಿಮೈಯಲ್ಲಿ. ಗೇಜ್ 3 ಕೆಜಿ ಪ್ರೆಶರ್ ತೋರಿಸುತ್ತಿದೆ. ಶೆಡ್ಡಿನೊಳಗೆ 32 ಡಿಗ್ರಿ, ಬಾಗಿಲು ಮುಚ್ಚಿದೆ, ಫ್ಯಾನ್ ಇಲ್ಲ.

ಮೈಯ ತಾಪಮಾನ. ಗೇಜ್ ತೋರಿಸುವುದು ಹೊರಗಿನ ಗಾಳಿಯ ಒತ್ತಡಕ್ಕಿಂತ ಹೆಚ್ಚಿರುವುದನ್ನು ಮಾತ್ರ. 3 ಕೆಜಿ ಎಂದರೆ ಚದರ ಸೆಂಟಿಮೀಟರಿಗೆ 3 ಕೆಜಿ, ಅಂದರೆ 2.94 ಬಾರ್. ಗದಗ ಸಮುದ್ರಮಟ್ಟದಿಂದ ಆರುನೂರು ಮೀಟರಿಗೂ ಮೇಲಿದೆ, ಇಲ್ಲಿ ಗಾಳಿಯ ಒತ್ತಡ ಸುಮಾರು 0.94 ಬಾರ್. ಎರಡನ್ನೂ ಕೂಡಿಸಿದರೆ 3.88 ಬಾರ್. ಸ್ಟೀಮ್ ಟೇಬಲ್ ನೋಡಿದರೆ ಆ ಒತ್ತಡದ ಹಬೆಯ ತಾಪಮಾನ 142 ಡಿಗ್ರಿ ಚಿಲ್ಲರೆ.

ಪೈಪಿನ ಹೊರಮೈ ಅದಕ್ಕಿಂತ ಎಷ್ಟು ತಣ್ಣಗಿರುತ್ತದೆ? ಒಂದು ಡಿಗ್ರಿಯೂ ಇಲ್ಲ. ಒಳಗೆ ಹಬೆ ನೀರಾಗುವಾಗ ಬಹಳ ಸಲೀಸಾಗಿ ಶಾಖ ಕೊಡುತ್ತದೆ, ಉಕ್ಕಿನ ಗೋಡೆ ನಾಲ್ಕು ಮಿಲಿಮೀಟರೂ ದಪ್ಪವಿಲ್ಲ. ಶಾಖಕ್ಕೆ ತಡೆ ಇರುವುದೆಲ್ಲ ಹೊರಗಿನ ಗಾಳಿಯಲ್ಲೇ. ಆದ್ದರಿಂದ ಹೊರಮೈ 142 ಡಿಗ್ರಿ ಎಂದೇ ಹಿಡಿಯೋಣ. ಕೆಲ್ವಿನ್‌ನಲ್ಲಿ 415, ಕೋಣೆ 305, ವ್ಯತ್ಯಾಸ 110.

ಮೈಯ ವಿಸ್ತಾರ. ಎರಡಿಂಚಿನ ಪೈಪ್ ಎಂದು ಕರೆದರೂ ಅದರ ಹೊರ ವ್ಯಾಸ 60.3 ಮಿಲಿಮೀಟರ್. ಎರಡಿಂಚು ಎಂದರೆ 50 ಮಿಮೀ ಎಂದು ಲೆಕ್ಕಕ್ಕಿಟ್ಟರೆ ಇಲ್ಲೇ ಆರನೆಯ ಒಂದು ಭಾಗ ಕಡಿಮೆ ಬರುತ್ತದೆ. ಒಂದು ಮೀಟರ್ ಉದ್ದಕ್ಕೆ ಹೊರಮೈ 3.1416 × 0.0603 = 0.189 ಚದರ ಮೀಟರ್.

ವಿಕಿರಣದ ಗುಣಾಂಕ. ಎರಡು ತಾಪಮಾನಗಳ ಮೊತ್ತ 720. ವರ್ಗಗಳ ಮೊತ್ತ 1,72,225 + 93,025 = 2,65,250. ಇವೆರಡನ್ನು ಗುಣಿಸಿ, ಸ್ಥಿರಾಂಕವನ್ನೂ 0.8 ಉತ್ಸರ್ಜಕತೆಯನ್ನೂ ಹಚ್ಚಿದರೆ:

```
h_r = 0.8 × 5.67e-8 × 720 × 265250 = 8.7 W/m²K
```

ಇದು ಸರಿಯೇ ಎಂದು ನೋಡಲು ಒಂದು ಅಡ್ಡದಾರಿ ಇದೆ. ಎರಡು ತಾಪಮಾನಗಳ ಸರಾಸರಿ 360 ಕೆಲ್ವಿನ್. `4 ε σ Tm³` ಎಂದು ಲೆಕ್ಕ ಹಾಕಿದರೆ 8.5 ಬರುತ್ತದೆ. ನೂರಕ್ಕೆ ಎರಡರಷ್ಟೇ ವ್ಯತ್ಯಾಸ, ಬಾಯಿಲೆಕ್ಕಕ್ಕೆ ಧಾರಾಳ ಸಾಕು.

ಸಂವಹನದ ಗುಣಾಂಕ. ವಿಕಿರಣದಷ್ಟು ಖಚಿತವಾದ ನಿಯಮ ಇಲ್ಲಿಲ್ಲ, ಪ್ರಯೋಗಗಳಿಂದ ಕಟ್ಟಿದ ಸೂತ್ರಗಳಿವೆ. ಅಡ್ಡ ಪೈಪಿಗೆ, ನಿಂತ ಗಾಳಿಯಲ್ಲಿ, ಬಹಳ ಕಾಲದಿಂದ ಬಳಕೆಯಲ್ಲಿರುವ ಚುಟುಕು ಸೂತ್ರ ಇದು:

```
h_c = 1.32 × (ΔT / D)^0.25
```

`ΔT` ಡಿಗ್ರಿ ವ್ಯತ್ಯಾಸ, `D` ಪೈಪಿನ ಹೊರ ವ್ಯಾಸ, ಅದು ಮೀಟರಿನಲ್ಲಿರಬೇಕು. 110ನ್ನು 0.0603ರಿಂದ ಭಾಗಿಸಿದರೆ 1824, ಅದರ ವರ್ಗಮೂಲದ ವರ್ಗಮೂಲ 6.54, ಉತ್ತರ 8.6. ಆದರೆ ಈ ಸೂತ್ರ ಸ್ವಲ್ಪ ಧಾರಾಳಿ. 1975ರಲ್ಲಿ ಬಂದ ಚರ್ಚಿಲ್-ಚು ಸೂತ್ರಕ್ಕೆ 87 ಡಿಗ್ರಿಯ ಗಾಳಿಯ ಗುಣಗಳನ್ನು ಹಾಕಿ ಬಿಡಿಸಿದರೆ ಇದೇ ಪೈಪಿಗೆ 7.3 ಸಿಗುತ್ತದೆ. 87 ಏಕೆಂದರೆ ಪೈಪಿನ ಮೈಗೆ ಅಂಟಿದ ಗಾಳಿ 142ಕ್ಕೂ 32ಕ್ಕೂ ನಡುವೆ ಇರುತ್ತದೆ, ಅದರ ಸರಾಸರಿ ಅಷ್ಟು. ನಮ್ಮ ಎತ್ತರದಲ್ಲಿ ಗಾಳಿ ಸ್ವಲ್ಪ ತೆಳುವಾದ್ದರಿಂದ ನೂರಕ್ಕೆ ಮೂರರಷ್ಟು ಇನ್ನೂ ಇಳಿಯುತ್ತದೆ. ಆಗ 7.1ರ ಹತ್ತಿರ ಬರುತ್ತದೆ; ಮೊದಲ ಸೂತ್ರ ಹೆಚ್ಚು ಹೇಳುವುದರಿಂದ 7.2 ಎಂದು ಹಿಡಿಯುವುದು ನ್ಯಾಯ. ಎರಡು ಸೂತ್ರಗಳ ನಡುವೆ ಇಷ್ಟು ಅಂತರ ಇದೆಯಲ್ಲ ಎಂದು ಗಾಬರಿಯಾಗಬೇಕಿಲ್ಲ. ಸಹಜ ಸಂವಹನದ ಯಾವ ಲೆಕ್ಕವೂ ಇದಕ್ಕಿಂತ ತೀರಾ ನಿಖರವಾಗಿರುವುದಿಲ್ಲ, ಅದರ ಉತ್ತರಕ್ಕೆ ನಾಲ್ಕು ದಶಮಾಂಶ ಬರೆಯುವುದರಲ್ಲಿ ಅರ್ಥವಿಲ್ಲ.

ಕೂಡಿಸುವುದು. 7.2ಕ್ಕೆ 8.7 ಕೂಡಿಸಿದರೆ 15.9. ಅದನ್ನು 0.189ರಿಂದಲೂ 110ರಿಂದಲೂ ಗುಣಿಸಿದರೆ ಪ್ರತಿ ಮೀಟರಿಗೆ ಸುಮಾರು 330 ವ್ಯಾಟ್. ಇದರಲ್ಲಿ 150 ಗಾಳಿಯ ಪಾಲು, 180 ವಿಕಿರಣದ ಪಾಲು.

ಗಾಳಿಯೇ ಶಾಖವನ್ನೆಲ್ಲ ಒಯ್ಯುತ್ತದೆ ಎಂದು ಹೆಚ್ಚಿನವರು ತಿಳಿದಿರುತ್ತಾರೆ. ಈ ಪೈಪಿನಲ್ಲಿ ಅರ್ಧಕ್ಕೂ ಹೆಚ್ಚು ಹೋಗುವುದು ವಿಕಿರಣದಿಂದ. ಕೆಂಪಗೆ ಕಾದ ಕಬ್ಬಿಣ ಮಾತ್ರ ವಿಕಿರಣ ಬೀರುತ್ತದೆಂದು ಅದನ್ನು ಲೆಕ್ಕದಿಂದ ಬಿಟ್ಟರೆ ನಷ್ಟ ಅರ್ಧಕ್ಕಿಂತ ಕಡಿಮೆ ಎಂದು ಕಾಣುತ್ತದೆ.

25 ಮೀಟರಿಗೆ ಒಟ್ಟು 8.25 ಕಿಲೊವ್ಯಾಟ್. ಎರಡು ಕಿಲೊವ್ಯಾಟಿನ ನಾಲ್ಕು ಹೀಟರ್‌ಗಳನ್ನು ಶೆಡ್ಡಿನಲ್ಲಿ ಬಿಡದೆ ಉರಿಸಿದಷ್ಟು. ದಿನಕ್ಕೆ 10 ತಾಸು ಓಡಿದರೆ 297 ಮೆಗಾಜೂಲ್. ಒಣಗಿದ ಕಟ್ಟಿಗೆ ಕೆಜಿಗೆ ಸುಮಾರು 15 ಮೆಗಾಜೂಲ್ ಕೊಡುತ್ತದೆ, ಬಾಯ್ಲರಿನ ದಕ್ಷತೆ ನೂರಕ್ಕೆ 65 ಎಂದಿಟ್ಟುಕೊಂಡರೆ, ದಿನಕ್ಕೆ 30 ಕೆಜಿ ಕಟ್ಟಿಗೆ ಉರಿಯುವುದು ಈ ಪೈಪಿನ ಮೈಯಿಂದ ಹೊರಗೆ ಹೋಗುವುದಕ್ಕೆ.

## ಬಿಳಿ ಬಣ್ಣ ಹೊಡೆದರೆ?

ಬಿಳಿ ಬಣ್ಣ ತಂಪು ಎಂಬ ನಂಬಿಕೆಗೆ ಕಾರಣವಿದೆ. ತಾರಸಿಗೆ ಸುಣ್ಣ ಬಳಿದರೆ ಮನೆ ತಂಪಾಗುವುದು ನಿಜ. ಆದರೆ ಅಲ್ಲಿ ತಡೆಯಬೇಕಾದದ್ದು ಬಿಸಿಲು. ಬಿಸಿಲಿನ ಬಹುಪಾಲು ಶಾಖ ಕಣ್ಣಿಗೆ ಕಾಣುವ ಮತ್ತು ಅದರ ಪಕ್ಕದ ಅಲೆಗಳಲ್ಲಿ ಬರುತ್ತದೆ, ಬಿಳಿ ಮೈ ಅವನ್ನು ತಿರುಗಿ ಕಳಿಸುತ್ತದೆ. 142 ಡಿಗ್ರಿಯ ಪೈಪ್ ಬೀರುವ ಅಲೆಗಳೇ ಬೇರೆ. ಅವುಗಳ ತರಂಗಾಂತರ 7 ಮೈಕ್ರಾನಿನ ಸುತ್ತ, ಅಂದರೆ ಕಾಣುವ ಬೆಳಕಿನದಕ್ಕಿಂತ ಹತ್ತು ಪಟ್ಟಿಗೂ ಉದ್ದ. ಆ ಅಲೆಗಳ ಮಟ್ಟಿಗೆ ಬಿಳಿ ಎಣ್ಣೆಬಣ್ಣವೂ ಕಪ್ಪು ಎಣ್ಣೆಬಣ್ಣವೂ ಹೆಚ್ಚುಕಡಿಮೆ ಒಂದೇ, ಎರಡರ ಉತ್ಸರ್ಜಕತೆಯೂ 0.9ರ ಸಮೀಪ.

ಈಗ 0.8ರ ಜಾಗದಲ್ಲಿ 0.9 ಹಾಕಿ ನೋಡಿ. `h_r` 9.75ಕ್ಕೆ ಏರುತ್ತದೆ, ನಷ್ಟ ಮೀಟರಿಗೆ 353 ವ್ಯಾಟ್. ಬಣ್ಣಕ್ಕೆ ದುಡ್ಡು ಕೊಟ್ಟು ನಷ್ಟ ಹೆಚ್ಚಿಸಿಕೊಂಡಂತಾಯಿತು.

ಅಲ್ಯೂಮಿನಿಯಂ ಪೇಂಟಿನ ಕಥೆ ಬೇರೆ. ಅದರಲ್ಲಿ ಲೋಹದ ಸಣ್ಣ ಚಕ್ಕೆಗಳಿರುತ್ತವೆ, ಲೋಹ ಈ ಅಲೆಗಳನ್ನು ಬೀರುವುದರಲ್ಲಿ ಜಿಪುಣ. ಪೇಂಟಿನ ಗುಣಮಟ್ಟ ನೋಡಿ ಉತ್ಸರ್ಜಕತೆ 0.3ರಿಂದ 0.5ರ ತನಕ ಇರಬಹುದು. 0.4 ಎಂದಿಟ್ಟರೆ `h_r` 4.3, ಒಟ್ಟು ಗುಣಾಂಕ 11.5, ನಷ್ಟ ಮೀಟರಿಗೆ 240 ವ್ಯಾಟ್. ನೂರಕ್ಕೆ 27ರಷ್ಟು ಉಳಿತಾಯ, ಅದೂ ಒಂದು ಡಬ್ಬಿ ಪೇಂಟಿನಲ್ಲಿ. ಶಾಖ ತಾಳುವ ಪೇಂಟೇ ಬೇಕು, ಕಿಟಕಿಯ ಸರಳಿಗೆ ಹೊಡೆಯುವ ಸಾದಾ ಸಿಲ್ವರ್ ಪೇಂಟ್ 142 ಡಿಗ್ರಿಯಲ್ಲಿ ಬಹುಕಾಲ ನಿಲ್ಲುವುದಿಲ್ಲ.

ಎರಡು ಮಾತು ಇದರ ಜೊತೆಗೇ ಹೇಳಬೇಕು. ಪೇಂಟ್ ಹೊಡೆದರೆ ಪೈಪಿನ ಮೈ ತಣ್ಣಗಾಗುವುದಿಲ್ಲ. ಒಳಗಿನ ಹಬೆ ಅದನ್ನು 142ರಲ್ಲೇ ಹಿಡಿದಿರುತ್ತದೆ, ಕೈ ತಾಗಿದರೆ ಮೊದಲಿನಷ್ಟೇ ಸುಡುತ್ತದೆ. ಎರಡನೆಯದು, ಬಣ್ಣದ ಶೆಡ್ಡಿನಲ್ಲಾಗಲಿ ಜಿನ್ನಿಂಗ್ ಮಿಲ್ಲಿನಲ್ಲಾಗಲಿ ಹತ್ತಿಯ ಧೂಳು, ಮಸಿ, ಎಣ್ಣೆಯ ಜಿಡ್ಡು ಕೂತಂತೆ ಉತ್ಸರ್ಜಕತೆ ಮತ್ತೆ ಮೇಲೇರುತ್ತದೆ. ಹೊಸದಾಗಿ ಬಳಿದ ದಿನದ ಅಂಕಿಯನ್ನು ವರ್ಷಪೂರ್ತಿಗೆ ಗುಣಿಸಬಾರದು.

ಪೇಂಟ್ ಹೊಡೆದ ಮೇಲೆ ಇನ್ನೊಂದು ಮೋಸವೂ ಕಾದಿರುತ್ತದೆ. ಗುರಿಯಿಟ್ಟು ನೋಡುವ ಅವಗೆಂಪು ಥರ್ಮಾಮೀಟರ್ ಅಳೆಯುವುದು ಮೈ ಬೀರುವ ವಿಕಿರಣವನ್ನೇ. ಅಂಥ ಬಹಳಷ್ಟು ಗನ್‌ಗಳು ಉತ್ಸರ್ಜಕತೆ 0.95 ಎಂದು ನಂಬಿಕೊಂಡಿರುತ್ತವೆ. ಅಲ್ಯೂಮಿನಿಯಂ ಪೇಂಟಿನ ಪೈಪಿಗೆ ಹಿಡಿದರೆ 142ರ ಬದಲು ನೂರಕ್ಕೂ ಕಡಿಮೆ ತೋರಿಸಿ, ಪೈಪ್ ತಣ್ಣಗಾಯಿತು ಎಂಬ ಭ್ರಮೆ ಹುಟ್ಟಿಸುತ್ತವೆ. ಅಂಗೈಯಗಲ ಜಾಗಕ್ಕೆ ಶಾಖ ತಾಳುವ ಮ್ಯಾಟ್ ಕಪ್ಪು ಪೇಂಟ್ ಬಳಿದು ಅಲ್ಲಿ ಅಳೆಯಿರಿ, ಇಲ್ಲವೇ ಮೈಗೆ ತಾಗಿಸುವ ಥರ್ಮೊಕಪಲ್ ಬಳಸಿ.

## ಲೆಕ್ಕ ತಪ್ಪುವುದು ಎಲ್ಲೆಲ್ಲಿ

ಅತಿ ಸಾಮಾನ್ಯ ತಪ್ಪು ಕೆಲ್ವಿನ್ ಮರೆಯುವುದು. 142, 32 ಎಂದು ಸೆಲ್ಸಿಯಸ್ಸನ್ನೇ ಸೂತ್ರಕ್ಕೆ ಹಾಕಿದರೆ `h_r` 0.17 ಬರುತ್ತದೆ. ಅದು ತಪ್ಪು ಎಂದು ನೋಡಿದ ಕೂಡಲೇ ಹೇಳಬಹುದು, ಏಕೆಂದರೆ ಪೈಪ್ ಕೋಣೆಯಷ್ಟೇ ತಣ್ಣಗಿದ್ದರೂ, ಅಂದರೆ ಎರಡೂ 300 ಕೆಲ್ವಿನ್‌ನ ಹತ್ತಿರ ಇದ್ದರೂ, `h_r` ಉತ್ಸರ್ಜಕತೆಯ ಆರು ಪಟ್ಟು ಇರುತ್ತದೆ. 0.8 ಉತ್ಸರ್ಜಕತೆಯ ಬಿಸಿ ಪೈಪಿಗೆ ಐದಕ್ಕಿಂತ ಕೆಳಗಿನ ಉತ್ತರ ಬಂದರೆ ಕೆಲ್ವಿನ್ ತಪ್ಪಿದೆ ಎಂದೇ ತಿಳಿಯಿರಿ. ಡಿಗ್ರಿ ವ್ಯತ್ಯಾಸದಲ್ಲಿ ಮಾತ್ರ ಈ ಚಿಂತೆಯಿಲ್ಲ, ಎರಡೂ ಅಳತೆಯಲ್ಲಿ ಅದು 110ಯೇ.

ಎರಡನೆಯದು ಗಾಳಿ ನಿಂತಿದೆ ಎಂಬ ಊಹೆ. ಸೆಕೆ ಎಂದು ಒಂದು ದೊಡ್ಡ ಫ್ಯಾನ್ ತಂದಿಟ್ಟು ಪೈಪಿಗೆ ಅಡ್ಡಲಾಗಿ ಸೆಕೆಂಡಿಗೆ 2 ಮೀಟರ್ ವೇಗದ ಗಾಳಿ ಬೀಸಿದರೆ `h_c` 7.2ರಿಂದ ಸುಮಾರು 18ಕ್ಕೆ ಜಿಗಿಯುತ್ತದೆ. ವಿಕಿರಣಕ್ಕೆ ಗಾಳಿಯ ಪರಿವೆಯೇ ಇಲ್ಲ, ಅದು 8.7ರಲ್ಲೇ ಉಳಿಯುತ್ತದೆ. ಒಟ್ಟು ನಷ್ಟ ಮೀಟರಿಗೆ 550 ವ್ಯಾಟ್ ದಾಟುತ್ತದೆ. ಕೆಲಸದವರಿಗೆ ಗಾಳಿ ಬೇಕು ನಿಜ, ಆದರೆ ಫ್ಯಾನಿನ ಮುಖ ಬರಿ ಪೈಪಿನ ಕಡೆ ಇರಬಾರದು.

ಮೂರನೆಯದು ನಮ್ಮ ಕಡೆಯ ಬೇಸಿಗೆಗೆ ಸಂಬಂಧಿಸಿದ್ದು. ಗಾಳಿ 32 ಡಿಗ್ರಿ ಇದ್ದರೂ ತಗಡಿನ ಛಾವಣಿ ಮಧ್ಯಾಹ್ನ ಅದಕ್ಕಿಂತ ಬಹಳ ಬಿಸಿಯಿರುತ್ತದೆ. ಆಗ ಗಾಳಿಗೂ ಗೋಡೆಗೂ ಒಂದೇ ತಾಪಮಾನ ಎಂಬ ಊಹೆ ಮುರಿಯುತ್ತದೆ, ಗುಣಾಂಕಗಳನ್ನು ಮೊದಲೇ ಕೂಡಿಸುವಂತಿಲ್ಲ. ಸಂವಹನಕ್ಕೆ ಗಾಳಿಯ ವ್ಯತ್ಯಾಸ, ವಿಕಿರಣಕ್ಕೆ ಗೋಡೆ-ಛಾವಣಿಗಳ ಸರಾಸರಿಯ ವ್ಯತ್ಯಾಸ ಹಿಡಿದು ಬೇರೆ ಬೇರೆ ಬಿಡಿಸಿ, ಕೊನೆಗೆ ವ್ಯಾಟುಗಳನ್ನು ಕೂಡಿಸಬೇಕು. ಸುತ್ತಲಿನ ಮೈಗಳ ಸರಾಸರಿ 45 ಡಿಗ್ರಿ ಆಗಿದ್ದರೆ ನಮ್ಮ ಪೈಪಿನ ವಿಕಿರಣ ನೂರಕ್ಕೆ ಏಳೆಂಟರಷ್ಟು ಇಳಿಯುತ್ತದೆ. ದೊಡ್ಡ ಬದಲಾವಣೆ ಅಲ್ಲ.

ಒತ್ತಡದ ಪರಿಣಾಮ ಅದಕ್ಕಿಂತ ದೊಡ್ಡದು. ಇದೇ ಪೈಪನ್ನು 3ರ ಬದಲು 7 ಕೆಜಿ ಪ್ರೆಶರಿನಲ್ಲಿ ಓಡಿಸಿದರೆ ಮೈ 169 ಡಿಗ್ರಿಗೆ ಏರುತ್ತದೆ. ವ್ಯತ್ಯಾಸ 110ರಿಂದ 137ಕ್ಕೆ, ಅಂದರೆ ನೂರಕ್ಕೆ 25 ಹೆಚ್ಚು. ನಷ್ಟ ಮಾತ್ರ 330ರಿಂದ 450ಕ್ಕೆ, ನೂರಕ್ಕೆ 36 ಹೆಚ್ಚು. ಎರಡೂ ಗುಣಾಂಕಗಳು ತಾಪಮಾನದ ಜೊತೆ ತಾವೂ ಬೆಳೆಯುವುದೇ ಇದಕ್ಕೆ ಕಾರಣ.

ಇನ್ನು ಪೈಪುಗಳು ಜೋಡಿಯಾಗಿ ಒಂದರ ಪಕ್ಕ ಒಂದು ಹೋಗಿದ್ದರೆ ಅವು ಒಂದನ್ನೊಂದು ನೋಡುತ್ತಿರುತ್ತವೆ, ಆ ಪಾಲಿನ ವಿಕಿರಣ ಕೋಣೆಗೆ ಹೋಗುವುದಿಲ್ಲ, ಲೆಕ್ಕ ಸ್ವಲ್ಪ ಹೆಚ್ಚು ತೋರಿಸುತ್ತದೆ. ವಾಲ್ವು, ಫ್ಲಾಂಜುಗಳನ್ನು ಮರೆತರೆ ಕಡಿಮೆ ತೋರಿಸುತ್ತದೆ. ಬರಿಮೈಯ ಒಂದು ಫ್ಲಾಂಜ್ ವಾಲ್ವನ್ನು ಒಂದು ಮೀಟರ್ ಪೈಪಿಗೆ ಸಮ ಎಂದು ಎಣಿಸಿದರೆ ತೀರಾ ತಪ್ಪಾಗುವುದಿಲ್ಲ.

## ಬಕೆಟ್ ಹಿಡಿದು ತಾಳೆ ನೋಡುವುದು

ಪೈಪ್ ಕಳೆದ ಶಾಖ ಎಲ್ಲಿಂದ ಬಂತು? ಒಳಗಿನ ಹಬೆ ನೀರಾಗಿದ್ದರಿಂದ. 142 ಡಿಗ್ರಿಯಲ್ಲಿ ಒಂದು ಕೆಜಿ ಹಬೆ ನೀರಾಗುವಾಗ ಸುಮಾರು 2,140 ಕಿಲೊಜೂಲ್ ಬಿಡುತ್ತದೆ. ಹಾಗಾದರೆ 8.25 ಕಿಲೊವ್ಯಾಟ್ ನಷ್ಟಕ್ಕೆ ತಾಸಿಗೆ 14 ಕೆಜಿ ನೀರು ಪೈಪಿನಲ್ಲಿ ಸೇರಬೇಕು. ಸಾಲಿನ ಕೊನೆಯಲ್ಲಿ ಹಬೆಯನ್ನು ತಡೆದು ನೀರನ್ನು ಮಾತ್ರ ಹೊರಬಿಡುವ ಸ್ಟೀಮ್ ಟ್ರ್ಯಾಪ್ ಇದ್ದರೆ ಇದನ್ನು ತೂಕ ಮಾಡಿ ನೋಡಬಹುದು.

ತೊಟ್ಟಿಗಳಿಗೆ ಹೋಗುವ ವಾಲ್ವುಗಳನ್ನೆಲ್ಲ ಮುಚ್ಚಿ, ಪೈಪ್ ಪೂರ್ತಿ ಕಾದು ಗೇಜ್ ಒಂದೇ ಕಡೆ ನಿಂತ ಮೇಲೆ ಅರ್ಧ ತಾಸು ಬಿಡಿ. ತಣ್ಣನೆಯ ಪೈಪ್ ಕಾಯುವಾಗ ಬರುವ ನೀರು ಬಹಳ ಹೆಚ್ಚು, ಅದನ್ನು ಹಿಡಿದರೆ ಲೆಕ್ಕ ಕೆಡುತ್ತದೆ. ಆಮೇಲೆ ಅರ್ಧ ಬಕೆಟ್ ತಣ್ಣೀರು ತೂಗಿ, ಟ್ರ್ಯಾಪಿನ ಹೊರ ಕೊಳವೆಯ ತುದಿ ಆ ನೀರಿನಲ್ಲಿ ಮುಳುಗಿರುವಂತೆ ಇಡಿ. ತಣ್ಣೀರು ಏಕೆ ಬೇಕೆಂದರೆ ಒತ್ತಡದಿಂದ ಹೊರಬಿದ್ದ ಬಿಸಿನೀರಿನಲ್ಲಿ ನೂರಕ್ಕೆ ಎಂಟರಷ್ಟು ತಕ್ಷಣ ಹಬೆಯಾಗಿ ಹಾರುತ್ತದೆ. ತಣ್ಣೀರಿನೊಳಗೆ ಬಿಟ್ಟರೆ ಅದೂ ಅಲ್ಲೇ ನೀರಾಗುತ್ತದೆ. ಕೈಗೆ ಗ್ಲೌಸ್, ಕಾಲಿಗೆ ಬೂಟು ಇರಲಿ, ಮುಖ ದೂರವಿರಲಿ. 15 ನಿಮಿಷಕ್ಕೆ ಬಕೆಟ್ಟಿನ ತೂಕ ಮೂರೂವರೆ ಕೆಜಿ ಏರಿದ್ದರೆ ಲೆಕ್ಕ ಕೂಡಿಬಂತು. ಬಕೆಟ್ಟನ್ನು ಮೊದಲು ಸರಿಸಿ, ಆಮೇಲೆ ವಾಲ್ವ್ ಮುಚ್ಚಿ. ಇಲ್ಲದಿದ್ದರೆ ತಣ್ಣಗಾಗುವ ಪೈಪ್ ನೀರನ್ನು ಒಳಗೆ ಎಳೆದುಕೊಳ್ಳಬಹುದು.

ಸಿಕ್ಕಿದ್ದು ಐದು ಕೆಜಿ ಆಗಿದ್ದರೆ ಸೂತ್ರವನ್ನು ಬೈಯುವ ಮೊದಲು ಟ್ರ್ಯಾಪ್ ನೋಡಿ. ಕೆಟ್ಟ ಟ್ರ್ಯಾಪ್ ನೀರಿನ ಜೊತೆ ಹಬೆಯನ್ನೂ ಬಿಡುತ್ತದೆ, ಬಕೆಟ್ಟಿನ ನೀರು ಬೇಗ ಕಾದು ಗಡಗಡ ಸದ್ದು ಮಾಡುತ್ತದೆ. ಟ್ರ್ಯಾಪ್ ಸರಿಯಿದ್ದರೆ ಬಾಯ್ಲರಿನಿಂದಲೇ ನೀರು ಹಬೆಯ ಜೊತೆ ಬರುತ್ತಿರಬಹುದು. ಬಹಳ ಕಡಿಮೆ ಬಂದರೆ ಪೈಪಿನ ಇಳಿಜಾರು ಟ್ರ್ಯಾಪಿನ ಕಡೆಗಿಲ್ಲ, ನೀರು ನಡುವೆ ಎಲ್ಲೋ ಜೋತುಬಿದ್ದ ಭಾಗದಲ್ಲಿ ನಿಂತಿದೆ ಎಂದರ್ಥ. ಹಬೆ ಬಿಟ್ಟಾಗ ಪೈಪ್ ಟಣ್ ಟಣ್ ಎಂದು ಬಡಿದುಕೊಳ್ಳುವುದೂ ಅದಕ್ಕೇ.

## ಸುತ್ತಿದ ಮೇಲೆ ಲೆಕ್ಕದ ರೀತಿ ಬದಲಾಗುತ್ತದೆ

ರಾಕ್‌ವೂಲ್ ಸುತ್ತಿಸಿ ಎಂದವರ ಮಾತಿಗೆ ಬರೋಣ. ಬರಿ ಪೈಪಿನಲ್ಲಿ ಮೈಯ ತಾಪಮಾನ ಗೊತ್ತಿತ್ತು, ಹಬೆಯದೇ ಅದು. ಸುತ್ತಿದ ಮೇಲೆ ಹೊರಮೈಯ ತಾಪಮಾನ ಗೊತ್ತಿಲ್ಲ. ಅದು ಗೊತ್ತಿಲ್ಲದೆ `h_c`, `h_r` ಸಿಗುವುದಿಲ್ಲ, ಅವು ಸಿಗದೆ ನಷ್ಟ ಗೊತ್ತಾಗುವುದಿಲ್ಲ, ನಷ್ಟ ಗೊತ್ತಾಗದೆ ಹೊರಮೈಯ ತಾಪಮಾನ ಸಿಗುವುದಿಲ್ಲ. ಈ ಸುತ್ತಿನಿಂದ ಹೊರಬರಲು ಒಂದು ಊಹೆಯಿಂದ ಶುರುಮಾಡಬೇಕು.

25 ಮಿಮೀ ದಪ್ಪದ ರಾಕ್‌ವೂಲ್ ಸುತ್ತಿ ಮೇಲೆ ತಗಡು ಹೊದಿಸಿದರೆ ಹೊರಮೈ 50 ಡಿಗ್ರಿ ಇರಬಹುದು ಎಂದು ಊಹಿಸಿ. ಆ ತಾಪಮಾನಕ್ಕೆ ಎರಡೂ ಗುಣಾಂಕಗಳನ್ನು ಹೊಸದಾಗಿ ಬಿಡಿಸಿ. ಬಣ್ಣಗೆಟ್ಟು ಧೂಳು ಹಿಡಿದ ತಗಡಿಗೆ ಎರಡೂ ಸೇರಿ ಎಂಟರ ಸುತ್ತ ಬರುತ್ತದೆ. ರಾಕ್‌ವೂಲಿನ ತಡೆ, ಹೊರಗಾಳಿಯ ತಡೆ ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ನಷ್ಟ ಮೀಟರಿಗೆ 45 ವ್ಯಾಟಿಗಿಂತ ಕಡಿಮೆ, ಹೊರಮೈ 48 ಡಿಗ್ರಿ. ಊಹಿಸಿದ್ದು 50, ಬಂದದ್ದು 48. ಈಗ 48 ಹಾಕಿ ಮತ್ತೊಮ್ಮೆ ಬಿಡಿಸಿದರೆ ಉತ್ತರ ಅಲುಗಾಡುವುದಿಲ್ಲ, ಏಕೆಂದರೆ ತಡೆಯ ಬಹುಪಾಲು ಈಗ ರಾಕ್‌ವೂಲಿನಲ್ಲಿದೆ, ಹೊರಗಾಳಿಯಲ್ಲಿ ಅಲ್ಲ. ಬರಿ ಪೈಪಿನಲ್ಲಿ ಉತ್ತರವನ್ನೇ ಆಳುತ್ತಿದ್ದ ಉತ್ಸರ್ಜಕತೆ, ಫ್ಯಾನು, ಛಾವಣಿಯ ಬಿಸಿ ಇವೆಲ್ಲ ಸುತ್ತಿದ ಪೈಪಿನಲ್ಲಿ ಹೆಚ್ಚೆಂದರೆ ಮೀಟರಿಗೆ ನಾಲ್ಕೈದು ವ್ಯಾಟಿನ ಮಾತು. ರಾಕ್‌ವೂಲ್ ನೆನೆದರೆ ಮಾತ್ರ ಈ ಮಾತು ನಿಲ್ಲುವುದಿಲ್ಲ. ಒಳಗೆ ನೀರು ಸೇರಿದ ಹೊದಿಕೆ ಶಾಖ ತಡೆಯುವ ಗುಣವನ್ನು ಬಹಳಷ್ಟು ಕಳೆದುಕೊಳ್ಳುತ್ತದೆ. ಹೊರಮೈ 48ರ ಬದಲು 70 ತೋರಿಸುತ್ತಿದ್ದರೆ ಆ ಜಾಗದ ತಗಡು ಬಿಚ್ಚಿ, ಮೇಲಿನ ಜೋಡಣೆಯಲ್ಲಿ ನೀರು ಇಳಿಯುತ್ತಿದೆಯೋ ಒಳಗಿನ ಪೈಪೇ ಸೋರುತ್ತಿದೆಯೋ ನೋಡಬೇಕು.